ಎಸಿಯ ಫೋಟೊ ಹೇಳುವುದೆಷ್ಟು, ಲೇಬಲ್ ಹೇಳುವುದೆಷ್ಟು?

ಬಳಸಿದ ಎಸಿ ಮಾರಾಟಕ್ಕಿದೆ ಎಂಬ ಸಂದೇಶದ ಜೊತೆ ಸಾಮಾನ್ಯವಾಗಿ ಒಂದೇ ಒಂದು ಫೋಟೊ ಬರುತ್ತದೆ. ಗೋಡೆಯ ಮೇಲೊಂದು ಉದ್ದನೆಯ ಬಿಳಿ ಪೆಟ್ಟಿಗೆ, ಅದರ ಮೂಲೆಯಲ್ಲಿ ಕಂಪನಿಯ ಹೆಸರು. ಕೆಳಗೆ ‘ಒಂದೂವರೆ ಟನ್, ಫೈವ್ ಸ್ಟಾರ್, ಇನ್ವರ್ಟರ್’ ಎಂಬ ಮೂರು ಮಾತು. ಈ ಮೂರೂ ನಿಜವೇ ಇರಬಹುದು. ಆದರೂ ಆ ಎಸಿ ವರ್ಷಕ್ಕೆ ಎಷ್ಟು ಕರೆಂಟು ಎಳೆಯುತ್ತದೆ, ನಿಮ್ಮ ಕೋಣೆಗೆ ಅದು ಸಾಕೇ, ಇವತ್ತು ಅಂಗಡಿಯಲ್ಲಿ ಸಿಗುವ ಹೊಸ ಎಸಿಯ ಮುಂದೆ ಅದರ ಯೋಗ್ಯತೆ ಏನು ಎಂಬುದು ಅವುಗಳಿಂದ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಎರಡು ಫೋಟೊ ಬೇಕು, ಅವುಗಳಲ್ಲಿನ ನಾಲ್ಕೈದು ಅಂಕಿಗಳನ್ನು ಓದಲು ಬರಬೇಕು.

ಕಲಬುರಗಿಯಲ್ಲಿ ಶಿಕ್ಷಕರಾಗಿರುವ ಗೆಳೆಯರೊಬ್ಬರಿಗೆ ಇಂಥದ್ದೇ ಒಂದು ಫೋಟೊ ಬಂದಿತ್ತು. ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡುತ್ತಿದ್ದ ಸಂಬಂಧಿಕರು ತಮ್ಮ ಎಸಿಯನ್ನು ಕಡಿಮೆ ಬೆಲೆಗೆ ಕೊಡುತ್ತೇವೆ ಎಂದಿದ್ದರು. ಫೋಟೊವನ್ನು ಊರಿನ ಮೆಕ್ಯಾನಿಕ್‌ಗೆ ತೋರಿಸಿದಾಗ ಆತ ಹೇಳಿದ್ದು ಇಷ್ಟೇ: “ಮುಖ ನೋಡಿ ಏನ್ ಹೇಳ್ಲಿ ಸರ್? ಒಂದು ಟನ್ನಿಗೂ ಒಂದೂವರೆ ಟನ್ನಿಗೂ ಮುಖ ಒಂದೇ ಇರ್ತದ. ಸೈಡಿನ ಪ್ಲೇಟಿಂದು ಫೋಟೊ ತರ್ಸ್ರಿ, ಹೊರಗಿನ ಮಷೀನಿಂದೂ ತರ್ಸ್ರಿ.”

ಆತ ಹೇಳಿದ್ದು ಸರಿ. ಒಂದು ಸರಣಿಯ ಎಸಿಗಳಿಗೆಲ್ಲ ಕಂಪನಿಗಳು ಒಂದೇ ಅಚ್ಚಿನ ಮುಂಭಾಗ ಹಾಕುತ್ತವೆ. ಮೂರು ನಕ್ಷತ್ರದ್ದೂ ಐದು ನಕ್ಷತ್ರದ್ದೂ, 2021ರದ್ದೂ 2023ರದ್ದೂ ಹೊರನೋಟಕ್ಕೆ ಒಂದೇ ಆಗಿರಬಹುದು. ಫೋಟೊ ಹಾಕಿ ಅಂತರ್ಜಾಲದಲ್ಲಿ ಹುಡುಕಿದರೆ ಅದೇ ಮುಖದ ಹತ್ತು ಮಾದರಿಗಳು ಬರುತ್ತವೆ. ಅವುಗಳಲ್ಲಿ ನಿಮ್ಮದು ಯಾವುದೆಂದು ಹೇಳುವುದು ಮಾದರಿ ಸಂಖ್ಯೆ ಮಾತ್ರ.

ಆ ಸಂಖ್ಯೆ ಇರುವುದು ನೇಮ್‌ಪ್ಲೇಟ್ ಮೇಲೆ. ಸ್ಪ್ಲಿಟ್ ಎಸಿಯಲ್ಲಿ ನೇಮ್‌ಪ್ಲೇಟ್ ಎರಡಿರುತ್ತವೆ. ಇಂಡೋರ್‌ನದು ಸಾಮಾನ್ಯವಾಗಿ ಬಲ ಅಥವಾ ಎಡ ಪಕ್ಕಕ್ಕೋ ಅಡಿಭಾಗಕ್ಕೋ ಅಂಟಿಸಿದ ಬೆಳ್ಳಿ ಬಣ್ಣದ ಇಲ್ಲವೇ ಬಿಳಿಯ ಚೀಟಿ. ಔಟ್‌ಡೋರ್‌ನದು ತಾಮ್ರದ ಪೈಪು ಸೇರುವ ಕಡೆಯ ಪಕ್ಕದ ತಗಡಿನ ಮೇಲಿರುತ್ತದೆ. ಎರಡರ ಮಾದರಿ ಸಂಖ್ಯೆಗಳೂ ಬೇರೆ ಬೇರೆ. ಡೈಕಿನ್ ಎಸಿಯ ಒಳಭಾಗದ ಮೇಲೆ FTKF50 ಎಂದು ಆರಂಭವಾಗುವ ಸಂಖ್ಯೆ ಇದ್ದರೆ ಅದರ ಜೊತೆಯ ಹೊರಭಾಗದ ಮೇಲೆ RKF50 ಎಂದಿರುತ್ತದೆ. ಮೊದಲಕ್ಷರ ಬೇರೆ, ಸಂಖ್ಯೆ ಒಂದೇ. ಹೀಗೆ ಜೋಡಿ ಹೊಂದುತ್ತದೆಯೇ ಎಂದು ನೋಡುವುದು ಬಳಸಿದ ಎಸಿ ಕೊಳ್ಳುವವರ ಮೊದಲ ಕೆಲಸವಾಗಬೇಕು. ಸ್ಟಾರ್ ಲೇಬಲ್ ಅಂಟಿರುವುದು ಇಂಡೋರ್ ಮೇಲೆ, ಕರೆಂಟು ತಿನ್ನುವ ಕಂಪ್ರೆಸರ್ ಇರುವುದು ಔಟ್‌ಡೋರ್ ಒಳಗೆ. ಲೇಬಲ್‌ನ ಅಂಕಿಗಳು ಆ ಎರಡೂ ಒಟ್ಟಿಗಿದ್ದಾಗಿನ ಪರೀಕ್ಷೆಯವು. ಇನ್ವರ್ಟರ್ ಎಸಿಗಳಲ್ಲಿ ಒಳಗಿನ ಮತ್ತು ಹೊರಗಿನ ಸರ್ಕ್ಯೂಟ್ ಬೋರ್ಡುಗಳು ಪರಸ್ಪರ ಮಾತಾಡಿಕೊಳ್ಳಬೇಕಾದ್ದರಿಂದ ಬೆರಕೆ ಮಾಡುವುದು ಕಷ್ಟ. ಹಳೆಯ ಸಾಮಾನ್ಯ ಎಸಿಗಳಲ್ಲಿ ಹಾಗಲ್ಲ, ಒಂದು ಕಂಪನಿಯ ಇಂಡೋರ್‌ಗೆ ಇನ್ನೊಂದರ ಔಟ್‌ಡೋರ್ ಜೋಡಿಸಿದರೂ ತಂಪು ಬರುತ್ತದೆ. ಅಂಥ ಜೋಡಿಯ ಲೇಬಲ್‌ಗೆ ಯಾವ ಅರ್ಥವೂ ಉಳಿದಿರುವುದಿಲ್ಲ.

ಫೋಟೊ ತೆಗೆಯುವಾಗ ಫ್ಲ್ಯಾಶ್ ಬೇಡ. ಲೇಬಲ್‌ನ ನುಣುಪು ಮೈ ಬೆಳಕನ್ನು ನೇರವಾಗಿ ಹಿಂದಕ್ಕೆಸೆದು ನಟ್ಟನಡುವಿನ ಅಂಕಿಗಳನ್ನೇ ಅಳಿಸಿಬಿಡುತ್ತದೆ. ಇನ್ನೊಬ್ಬರು ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಲಿ, ಫೋನು ಮಾತ್ರ ಲೇಬಲ್‌ಗೆ ನೇರವಾಗಿರಲಿ. ಫೋಟೊವನ್ನು ಕಳಿಸುವಾಗ ಆ್ಯಪ್ ಅದನ್ನು ಕುಗ್ಗಿಸುವುದರಿಂದ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಬೇಕು. ಸೊನ್ನೆಯೂ ಇಂಗ್ಲಿಷಿನ ‘ಓ’ ಅಕ್ಷರವೂ, ಎಂಟೂ ‘ಬಿ’ಯೂ, ಐದೂ ‘ಎಸ್’ ಕೂಡ ಗೊಂದಲ ಹುಟ್ಟಿಸುವುದು ಕುಗ್ಗಿದ ಫೋಟೊಗಳಲ್ಲೇ.

ಸಂಖ್ಯೆಯೊಳಗಿನ ಸುಳಿವು

ಮಾದರಿ ಸಂಖ್ಯೆ ಕೈಗೆ ಬಂದರೆ ಅದರಲ್ಲೇ ಅರ್ಧ ವಿಷಯ ಸಿಗುತ್ತದೆ. ಎಲ್ಲ ಕಂಪನಿಗಳಿಗೂ ಒಂದೇ ನಿಯಮವಿಲ್ಲ. ಆದರೆ ಸಾಮರ್ಥ್ಯವನ್ನು ಸೂಚಿಸುವ ಎರಡು ಅಂಕಿಗಳು ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತವೆ. ಅದು 12, 18, 24 ಎಂದಿದ್ದರೆ ಗಂಟೆಗೆ ಅಷ್ಟು ಸಾವಿರ ಬಿಟಿಯು ಶಾಖವನ್ನು ಹೊರಹಾಕುತ್ತದೆ ಎಂದರ್ಥ. ಒಂದು ಟನ್ ಎಂದರೆ 12,000 ಬಿಟಿಯು, ಆದ್ದರಿಂದ 18 ಎಂದರೆ ಒಂದೂವರೆ ಟನ್. ಅದೇ ಜಾಗದಲ್ಲಿ 35, 50, 60 ಎಂದಿದ್ದರೆ ಲೆಕ್ಕ ಕಿಲೋವ್ಯಾಟ್‌ನಲ್ಲಿದೆ: 3.5, 5, 6 ಕಿಲೋವ್ಯಾಟ್. ವೋಲ್ಟಾಸ್‌ನ 183V ಎಂಬಂಥ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿ ಸಾಮರ್ಥ್ಯ, ಮೂರನೆಯದು ನಕ್ಷತ್ರ. ಎಲ್‌ಜಿಯ ಇತ್ತೀಚಿನ ಸ್ಪ್ಲಿಟ್ ಎಸಿಗಳಲ್ಲಿ ಮೊದಲ ಅಕ್ಷರ ಮಾದರಿಯ ವರ್ಷವನ್ನು ಹೇಳುತ್ತದೆ. PS-Q19 ಎಂದು ಆರಂಭವಾಗುವುದು 2022ರ ಸಾಲಿನದು, RS-Q19 2023ರದ್ದು, TS-Q19 2024ರದ್ದು.

ಇಲ್ಲೊಂದು ಎಚ್ಚರ ಬೇಕು. ಮಾದರಿ ಸಂಖ್ಯೆಯೊಳಗಿನ ನಕ್ಷತ್ರ ಆ ಎಸಿ ತಯಾರಾದ ಕಾಲದ್ದು. ಮುಂದೆ ಹೇಳುವಂತೆ ನಕ್ಷತ್ರದ ಅಳತೆಗೋಲು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ, ತಗಡಿನ ಮೇಲೆ ಅಚ್ಚಾದ ಸಂಖ್ಯೆ ಬದಲಾಗುವುದಿಲ್ಲ.

ನೇಮ್‌ಪ್ಲೇಟ್ ಮೇಲೆ ಮಾದರಿ ಸಂಖ್ಯೆಯ ಜೊತೆಗೆ ಗ್ಯಾಸಿನ ಹೆಸರೂ ಇರುತ್ತದೆ. ಅದು ಎಸಿಯ ವಯಸ್ಸನ್ನು ಅಂದಾಜು ಮಾಡಲು ಒಳ್ಳೆಯ ಗುರುತು. ಆರ್-22 ಎಂದಿದ್ದರೆ ಹಳೆಯದು, ಓಜೋನ್ ಪದರಕ್ಕೆ ಹಾನಿ ಮಾಡುವ ಕಾರಣಕ್ಕೆ ಬಳಕೆಯಿಂದ ಸರಿಯುತ್ತಿರುವ ಗ್ಯಾಸು ಅದು. ಆರ್-32 ಎಂದಿದ್ದರೆ ಇತ್ತೀಚಿನ ತಲೆಮಾರಿನದು. ಆರ್-22ರ ಎಸಿಯನ್ನು ‘ಇನ್ವರ್ಟರ್, ಫೈವ್ ಸ್ಟಾರ್’ ಎಂದು ಯಾರಾದರೂ ಮಾರಲು ಬಂದರೆ ಅಲ್ಲಿಗೇ ಮಾತು ನಿಲ್ಲಿಸಿ ಪ್ಲೇಟನ್ನು ಮತ್ತೊಮ್ಮೆ ನೋಡಬೇಕು.

ನಕ್ಷತ್ರದ ಕೆಳಗೆ ಏನಿದೆ?

ಈಗ ಸ್ಟಾರ್ ಲೇಬಲ್‌ಗೆ ಬರೋಣ. ಕೇಂದ್ರ ಇಂಧನ ಸಚಿವಾಲಯದ ಅಡಿಯಲ್ಲಿ 2002ರಲ್ಲಿ ಸ್ಥಾಪನೆಯಾದ ಇಂಧನ ದಕ್ಷತಾ ಬ್ಯೂರೊ, ಅಂದರೆ ಬಿಇಇ, 2006ರಲ್ಲಿ ಈ ಲೇಬಲ್‌ಗಳನ್ನು ಆರಂಭಿಸಿತು. ಮೊದಲು ಇಷ್ಟವಿದ್ದ ಕಂಪನಿಗಳು ಹಾಕಿದರೆ ಸಾಕಿತ್ತು. 2010ರ ಜನವರಿಯಿಂದ ಕೋಣೆಯ ಎಸಿಗೂ ಫ್ರಾಸ್ಟ್-ಫ್ರೀ ಫ್ರಿಜ್‌ಗೂ ಕಡ್ಡಾಯವಾಯಿತು. ಇನ್ವರ್ಟರ್ ಎಸಿಗಳಿಗೆ ಕಡ್ಡಾಯವಾದದ್ದು 2018ರ ಜನವರಿಯಲ್ಲಿ. ಆಗಿನಿಂದ ಇನ್ವರ್ಟರ್ ಎಸಿಯನ್ನೂ ಸಾಮಾನ್ಯ ಎಸಿಯನ್ನೂ ಒಂದೇ ಅಳತೆಗೋಲಿನಿಂದ ಅಳೆಯುತ್ತಾರೆ.

ಆ ಅಳತೆಗೋಲಿನ ಹೆಸರು ಐಎಸ್‌ಇಇಆರ್. ಒಂದು ಯೂನಿಟ್ ಕರೆಂಟು ಖರ್ಚು ಮಾಡಿ ಎಷ್ಟು ಯೂನಿಟ್‌ನಷ್ಟು ಶಾಖವನ್ನು ಕೋಣೆಯಿಂದ ಹೊರಗೆ ಹಾಕುತ್ತದೆ ಎಂಬುದನ್ನು ಇಡೀ ಬೇಸಿಗೆಯ ಸರಾಸರಿಯಾಗಿ ಹೇಳುವ ಸಂಖ್ಯೆ ಅದು. ನಾಲ್ಕು ಎಂದಿದ್ದರೆ ಒಂದು ಯೂನಿಟ್ ಕರೆಂಟಿಗೆ ನಾಲ್ಕು ಯೂನಿಟ್ ಶಾಖ ಹೊರಗೆ ಹೋಗುತ್ತದೆ. ಸರಾಸರಿ ತೆಗೆಯುವುದು ವರ್ಷಕ್ಕೆ 1,600 ಗಂಟೆ ಓಡಿಸಿದರೆ ಎಂಬ ಲೆಕ್ಕದಲ್ಲಿ. ಆ ಗಂಟೆಗಳನ್ನು 24 ಡಿಗ್ರಿಯಿಂದ 43 ಡಿಗ್ರಿವರೆಗಿನ ಹೊರಗಿನ ಬಿಸಿಗೆ ಹಂಚಿರುತ್ತಾರೆ. 24 ಡಿಗ್ರಿಯ ಗಂಟೆಗಳೂ ಇವೆ, 43ರ ಗಂಟೆಗಳೂ ಇವೆ. ಈ ಹಂಚಿಕೆ ಇಡೀ ದೇಶಕ್ಕೆ ಒಂದೇ. ಮಡಿಕೇರಿಗೂ ರಾಯಚೂರಿಗೂ ಬೇರೆ ಬೇರೆ ಲೇಬಲ್ ಇಲ್ಲ.

ಇನ್ವರ್ಟರ್ ಎಸಿಗಳಿಗೆ ಹೆಚ್ಚಿನ ಅಂಕ ಸಿಗುವ ಕಾರಣವೂ ಇಲ್ಲೇ ಇದೆ. ಸಾಮಾನ್ಯ ಎಸಿಯ ಕಂಪ್ರೆಸರ್ ಓಡಿದರೆ ಪೂರ್ತಿ ವೇಗದಲ್ಲಿ ಓಡುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಇನ್ವರ್ಟರ್ ತನ್ನ ವೇಗವನ್ನು ಇಳಿಸಿಕೊಂಡು ನಿಧಾನವಾಗಿ ಓಡುತ್ತಲೇ ಇರುತ್ತದೆ, ಹಾಗೆ ಅರ್ಧ ಭಾರದಲ್ಲಿ ಓಡುವಾಗ ಅದರ ದಕ್ಷತೆ ಏರುತ್ತದೆ. ಆದ್ದರಿಂದಲೇ ಲೇಬಲ್ ಮೇಲೆ ಪೂರ್ಣ ಸಾಮರ್ಥ್ಯ ಮತ್ತು ಅರ್ಧ ಸಾಮರ್ಥ್ಯ ಎಂದು ಎರಡು ಸಾಲುಗಳಿರುತ್ತವೆ. ದೊಡ್ಡ ಹಾಲ್‌ಗೆ ಒಂದು ಟನ್ನಿನ ಇನ್ವರ್ಟರ್ ಹಾಕಿದರೆ ಅದಕ್ಕೆ ವೇಗ ಇಳಿಸಲು ಬಿಡುವೇ ಸಿಗುವುದಿಲ್ಲ, ಆಗ ಲೇಬಲ್‌ನ ಐಎಸ್‌ಇಇಆರ್ ನಿಮ್ಮ ಮನೆಯಲ್ಲಿ ಎಂದೂ ಕಾಣಿಸದು.

ಶಿಕ್ಷಕ ಗೆಳೆಯರಿಗೆ ಎರಡನೆಯ ಸಲ ಬಂದ ಫೋಟೊಗಳಲ್ಲಿ ಲೇಬಲ್ ಇತ್ತು. ಐದು ನಕ್ಷತ್ರಗಳು ಬಣ್ಣ ತುಂಬಿಕೊಂಡು ಕಾಣುತ್ತಿದ್ದವು. ಮಾದರಿ ಸಂಖ್ಯೆಯ ಪಕ್ಕದಲ್ಲಿ ವರ್ಷ 2020. ತಂಪಿನ ಸಾಮರ್ಥ್ಯ 5,000 ವ್ಯಾಟ್. ಐಎಸ್‌ಇಇಆರ್ 4.60. ವಾರ್ಷಿಕ ವಿದ್ಯುತ್ ಬಳಕೆಯ ಸಂಖ್ಯೆಯಲ್ಲಿ ಮಾತ್ರ ಟಾರ್ಚಿನ ಬೆಳಕು ಬಿದ್ದು ನಡುವಿನ ಅಂಕಿ ಮಾಸಿತ್ತು. ಅದು 837 ಇರಬಹುದು, 887 ಇರಬಹುದು.

ಮೊದಲು ಸಾಮರ್ಥ್ಯ. ಒಂದು ಟನ್ ಎಂದರೆ ಸುಮಾರು 3,517 ವ್ಯಾಟ್. ಹಾಗಾದರೆ ಒಂದೂವರೆ ಟನ್ ಎಂದರೆ 5,275 ವ್ಯಾಟ್ ಇರಬೇಕು. 5,000 ವ್ಯಾಟ್ ಎಂದರೆ 1.42 ಟನ್. ಇದು ಮೋಸವೇನಲ್ಲ, ಒಂದೂವರೆ ಟನ್ ಎಂದು ಮಾರುವ ಎಸಿಗಳಲ್ಲಿ ಹಲವು 5,000 ವ್ಯಾಟಿನ ಆಸುಪಾಸಿನಲ್ಲೇ ಇರುತ್ತವೆ, ಇನ್ನೂ ಕಡಿಮೆಯವೂ ಇವೆ. ಆದರೆ ‘ಟನ್’ ಅಂಗಡಿಯ ಮಾತು, ಲೇಬಲ್‌ನ ವ್ಯಾಟ್ ಪರೀಕ್ಷೆಯ ಮಾತು. ಎರಡು ಎಸಿಗಳನ್ನು ಹೋಲಿಸುವಾಗ ವ್ಯಾಟನ್ನೇ ನೋಡಬೇಕು. ಈ ಸಾಮರ್ಥ್ಯವನ್ನು ಅಳೆಯುವುದು ಹೊರಗೆ 35 ಡಿಗ್ರಿ, ಕೋಣೆಯಲ್ಲಿ 27 ಡಿಗ್ರಿ ಇರುವಾಗ ಎಂಬುದೂ ನೆನಪಿರಲಿ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಇದ್ದಾಗ ಅದೇ ಎಸಿ ಅಷ್ಟು ತಂಪು ಕೊಡಲಾರದು. ಹೊರಗಿನ ಗಾಳಿ ಬಿಸಿಯಾದಷ್ಟೂ ಅದರೊಳಗೆ ಶಾಖವನ್ನು ಬಿಡುವುದು ಕಂಪ್ರೆಸರ್‌ಗೆ ಕಷ್ಟ. ಮೇಲ್ಮಹಡಿಯ ಕಾಂಕ್ರೀಟ್ ಚಾವಣಿಯ ಕೆಳಗಿನ ಕೋಣೆಗೆ ಗೆಳೆಯರು ಇದನ್ನು ಹಾಕಬೇಕೆಂದಿದ್ದರು. ಅಲ್ಲಿ ಈ 275 ವ್ಯಾಟ್ ಕೊರತೆಗೂ ಬೆಲೆಯಿದೆ.

ಇನ್ನು ಮಾಸಿದ ಅಂಕಿ. ಇದನ್ನು ಊಹಿಸಬೇಕಾಗಿಲ್ಲ, ಲೆಕ್ಕ ಹಾಕಿ ತಿಳಿಯಬಹುದು. ಲೇಬಲ್ ಮೇಲಿನ ಮೂರು ಸಂಖ್ಯೆಗಳು ಒಂದಕ್ಕೊಂದು ಕಟ್ಟಿಕೊಂಡಿವೆ. ವಾರ್ಷಿಕ ಯೂನಿಟ್‌ಗಳನ್ನು ಐಎಸ್‌ಇಇಆರ್‌ನಿಂದ ಗುಣಿಸಿದರೆ ಆ 1,600 ಗಂಟೆಗಳಲ್ಲಿ ಹೊರಹಾಕಿದ ಒಟ್ಟು ಶಾಖ ಸಿಗುತ್ತದೆ. ಅದನ್ನು ಕಿಲೋವ್ಯಾಟಿನ ಸಾಮರ್ಥ್ಯದಿಂದ ಭಾಗಿಸಿದರೆ ಬರುವ ಸಂಖ್ಯೆ ಸ್ಪ್ಲಿಟ್ ಎಸಿಗಳಲ್ಲಿ ಸಾಮಾನ್ಯವಾಗಿ 770ರ ಆಸುಪಾಸಿನಲ್ಲಿರುತ್ತದೆ. ಏಕೆಂದರೆ 1,600 ಗಂಟೆಗಳಲ್ಲಿ ಬಹುಪಾಲು ಹೊತ್ತು ಎಸಿಯ ಮೇಲೆ ಪೂರ್ಣ ಭಾರ ಇರುವುದಿಲ್ಲ. ಎಲ್ಲ ಭಾರವನ್ನೂ ಒಟ್ಟುಗೂಡಿಸಿದರೆ ಪೂರ್ಣ ಸಾಮರ್ಥ್ಯದ 770 ಗಂಟೆಗಳಷ್ಟಾಗುತ್ತದೆ. ಹವೆಯ ಹಂಚಿಕೆ ಎಲ್ಲ ಎಸಿಗೂ ಒಂದೇ ಆದ್ದರಿಂದ ಈ ಸಂಖ್ಯೆಯೂ ಹೆಚ್ಚು ಅಲುಗುವುದಿಲ್ಲ. ಈಗ 837ನ್ನು 4.60ರಿಂದ ಗುಣಿಸಿ 5ರಿಂದ ಭಾಗಿಸಿ: 770. ಅದೇ 887 ಆಗಿದ್ದರೆ 816. ಹಾಗಾಗಿ ಮಾಸಿದ್ದು ಮೂರು, ಎಂಟಲ್ಲ. ನಕಲಿ ಲೇಬಲ್ ಅಂಟಿಸುವವರು ಐಎಸ್‌ಇಇಆರ್ ಬದಲಿಸಿ ಯೂನಿಟ್ ಬದಲಿಸುವುದನ್ನು ಮರೆತಿದ್ದರೆ ಅದೂ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಆದರೆ ಇದು ಅಂದಾಜು ಲೆಕ್ಕ. ನೂರಕ್ಕೆ ಎರಡು ಮೂರರಷ್ಟು ಆಚೀಚೆ ಬಂದರೆ ಲೇಬಲ್ ತಪ್ಪೆಂದು ತಿಳಿಯಬಾರದು, ಎಂಟು ಹತ್ತರಷ್ಟು ಬಂದರೆ ಸಂಶಯ ಪಡಬೇಕು.

ನಕ್ಷತ್ರದ ವಿಷಯಕ್ಕೆ ಕೊನೆಗೆ ಬಂದದ್ದು ಬೇಕೆಂದೇ. ಈ ಎಸಿ ತಯಾರಾದ 2020ರಲ್ಲಿ ಸ್ಪ್ಲಿಟ್ ಎಸಿಗೆ ಐದು ನಕ್ಷತ್ರ ಸಿಗಲು ಐಎಸ್‌ಇಇಆರ್ 4.50 ಇದ್ದರೆ ಸಾಕಿತ್ತು. 2022ರ ಜುಲೈನಲ್ಲಿ ಬಿಇಇ ಪಟ್ಟಿಯನ್ನು ಬಿಗಿಗೊಳಿಸಿತು. ಐದಕ್ಕೆ 5.00 ಬೇಕಾಯಿತು, 4.40ರಿಂದ 4.99ರವರೆಗೆ ನಾಲ್ಕು ನಕ್ಷತ್ರ. 2026ರ ಜನವರಿಯಿಂದ ಮತ್ತೆ ಒಂದು ಮೆಟ್ಟಿಲು ಏರಿತು, ಹಿಂದಿನ ಐದು ನಾಲ್ಕಾಯಿತು, ನಾಲ್ಕು ಮೂರಾಯಿತು. ಅಂದರೆ ಗೆಳೆಯರಿಗೆ ಬಂದ ಫೈವ್ ಸ್ಟಾರ್ ಎಸಿ ಇವತ್ತಿನ ಪಟ್ಟಿಯಲ್ಲಿ ಮೂರು ನಕ್ಷತ್ರದ್ದು. ಎಸಿ ಕೆಟ್ಟಿಲ್ಲ, 4.60 ಎಂಬ ಸಂಖ್ಯೆಯೂ ಬದಲಾಗಿಲ್ಲ. ಮಾರುವವರು ಹೇಳಿದ್ದೂ ಸುಳ್ಳಲ್ಲ. ನಕ್ಷತ್ರ ಆ ಕಾಲದ ಉಳಿದ ಎಸಿಗಳ ನಡುವೆ ಅದರ ಸ್ಥಾನವನ್ನು ಹೇಳುತ್ತಿತ್ತು, ಅಷ್ಟೇ. ಈ ಕಾರಣಕ್ಕೇ ಲೇಬಲ್ ಯಾವ ಅವಧಿಗೆ ಅನ್ವಯ ಎಂಬುದನ್ನೂ ಅದರ ಮೇಲೆ ಮುದ್ರಿಸುತ್ತಾರೆ. ನಕ್ಷತ್ರಗಳನ್ನು ಎಣಿಸುವ ಮುನ್ನ ಆ ಸಾಲನ್ನು ಓದುವ ಅಭ್ಯಾಸ ನಮಗೆ ಬರಬೇಕು. ಅಂಗಡಿಗಳಲ್ಲಿ ಹಳೆಯ ಪಟ್ಟಿಯ ದಾಸ್ತಾನು ಹೊಸದರ ಪಕ್ಕದಲ್ಲೇ ನಿಂತಿರುವ ತಿಂಗಳುಗಳಲ್ಲಂತೂ ಇದು ತುಂಬ ಮುಖ್ಯ.

ಇನ್ನೂ ಹಳೆಯ, 2018ಕ್ಕೆ ಮುಂಚಿನ ಸಾಮಾನ್ಯ ಎಸಿಯಾದರೆ ಲೇಬಲ್ ಮೇಲೆ ಐಎಸ್‌ಇಇಆರ್ ಇರುವುದಿಲ್ಲ, ಇಇಆರ್ ಇರುತ್ತದೆ. ಅದು 35 ಡಿಗ್ರಿಯಲ್ಲಿ ಪೂರ್ಣ ಭಾರದಲ್ಲಿ ಒಂದೇ ಒಂದು ಅಳತೆ. 2010ರಲ್ಲಿ ಇಇಆರ್ 3.10 ಇದ್ದ ಸ್ಪ್ಲಿಟ್ ಎಸಿಗೂ ಐದು ನಕ್ಷತ್ರ ಸಿಗುತ್ತಿತ್ತು, 2014ರಿಂದ 3.50 ಬೇಕಿತ್ತು. ಈ ಇಇಆರ್ ಅನ್ನು ಇಂದಿನ ಐಎಸ್‌ಇಇಆರ್ ಪಟ್ಟಿಯ ಪಕ್ಕ ಇಟ್ಟು ನೇರವಾಗಿ ಹೋಲಿಸುವಂತಿಲ್ಲ. ಲೇಬಲ್ ಪೂರ್ತಿ ಹರಿದುಹೋಗಿದ್ದರೂ ನೇಮ್‌ಪ್ಲೇಟ್‌ನಿಂದ ಇಇಆರ್ ಪಡೆಯಬಹುದು. ತಂಪಿನ ಸಾಮರ್ಥ್ಯದ ವ್ಯಾಟನ್ನು ವಿದ್ಯುತ್ ಬಳಕೆಯ ವ್ಯಾಟಿನಿಂದ ಭಾಗಿಸಿದರಾಯಿತು. 5,200ನ್ನು 1,620ರಿಂದ ಭಾಗಿಸಿದರೆ 3.21. ಸಾಮಾನ್ಯ ಎಸಿಗೆ ಈ ಲೆಕ್ಕ ಒಳ್ಳೆಯ ಅಂದಾಜು ಕೊಡುತ್ತದೆ. ಇನ್ವರ್ಟರ್ ಎಸಿಗೆ ಇದು ಅನ್ಯಾಯ ಮಾಡುತ್ತದೆ, ಅದರ ನಿಜವಾದ ಉಳಿತಾಯ ಅರ್ಧ ಭಾರದಲ್ಲಿದೆ, ಅದು ಪ್ಲೇಟ್ ಮೇಲೆ ಇರುವುದಿಲ್ಲ.

ಲೇಬಲ್ ಅಸಲಿಯೇ ಎಂದು ನೋಡಲು ಬಿಇಇಯ beestarlabel.com ತಾಣವಿದೆ, ಫೋನಿಗೆ BEE Star Label ಎಂಬ ಆ್ಯಪ್ ಇದೆ. ಕಂಪನಿಯ ಹೆಸರು, ಮಾದರಿ ಸಂಖ್ಯೆ ಹಾಕಿದರೆ ಕಂಪನಿ ಘೋಷಿಸಿ ಬಿಇಇ ಒಪ್ಪಿದ ಅಂಕಿಗಳು ಬರುತ್ತವೆ. ಪೂರ್ತಿ ಸಂಖ್ಯೆ ಹಾಕಿದಾಗ ಸಿಗದಿದ್ದರೆ ಕೊನೆಯ ಎರಡು ಮೂರು ಅಕ್ಷರ ಬಿಟ್ಟು ಹುಡುಕಬೇಕು. ಅವು ಬಹಳ ಸಲ ಬಣ್ಣವನ್ನೋ ಮುಂಭಾಗದ ವಿನ್ಯಾಸವನ್ನೋ ಹೇಳುವ ಅಕ್ಷರಗಳು. ಹಳೆಯ ಮಾದರಿ ಅಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ಲೇಬಲ್ ನಕಲಿ ಎನ್ನಲಾಗದು. ಸಿಕ್ಕಿದ ಅಂಕಿಗಳೂ ಲೇಬಲ್‌ನ ಅಂಕಿಗಳೂ ಬೇರೆಯಾಗಿದ್ದರೆ ಆಗ ಕೇಳಬೇಕಾದ್ದಿದೆ.

ಅಂಕಿಗಳಿಂದ ಬಿಲ್ಲಿಗೆ

ವರ್ಷಕ್ಕೆ 837 ಯೂನಿಟ್ ಎಂಬುದನ್ನು ಮನೆಯ ಲೆಕ್ಕಕ್ಕೆ ಇಳಿಸುವುದು ಸುಲಭ. 1,600ರಿಂದ ಭಾಗಿಸಿದರೆ ಗಂಟೆಗೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು. ರಾತ್ರಿ ಎಂಟು ಗಂಟೆಯಂತೆ ತಿಂಗಳು ಪೂರ್ತಿ ಓಡಿಸಿದರೆ 240 ಗಂಟೆ, ಸುಮಾರು 125 ಯೂನಿಟ್. ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗಳಿಗೆ ಈ ಸಂಖ್ಯೆ ಸಣ್ಣದಲ್ಲ. ತಿಂಗಳಿಗೆ 200 ಯೂನಿಟ್ ದಾಟಿದರೆ ಹೆಚ್ಚಾದ ಯೂನಿಟ್‌ಗಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. 90 ಯೂನಿಟ್ ಬಳಸುತ್ತಿದ್ದ ಮನೆಗೆ ಈ ಎಸಿ ಬಂದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಆ ಗೆರೆ ದಾಟುವುದು ಬಹುತೇಕ ಖಚಿತ.

ಈ ಹಳೆಯ ಎಸಿಯ ಬದಲು ಇವತ್ತಿನ ಐದು ನಕ್ಷತ್ರದ, ಅಂದರೆ 5.60 ಐಎಸ್‌ಇಇಆರ್‌ನ ಅಷ್ಟೇ ಸಾಮರ್ಥ್ಯದ ಹೊಸದನ್ನು ಕೊಂಡರೆ? ಅದೇ 770ರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 690 ಯೂನಿಟ್. ಉಳಿತಾಯ 150 ಯೂನಿಟ್, ಯೂನಿಟ್‌ಗೆ ಆರು ರೂಪಾಯಿ ಎಂದಿಟ್ಟುಕೊಂಡರೆ 900 ರೂಪಾಯಿ. ಬೆಂಗಳೂರಿನಲ್ಲಿ ಬೇಸಿಗೆಯ ಮೂರು ತಿಂಗಳು ರಾತ್ರಿ ಆರು ಗಂಟೆ ಮಾತ್ರ ಎಸಿ ಹಾಕುವವರಿಗೆ 540 ಗಂಟೆಯಷ್ಟೇ ಆಗುವುದರಿಂದ ಈ ಉಳಿತಾಯ 300 ರೂಪಾಯಿಗೆ ಇಳಿಯುತ್ತದೆ. ಅವರು ನಕ್ಷತ್ರಕ್ಕಾಗಿ ಹತ್ತು ಸಾವಿರ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಲಬುರಗಿಯಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಮಧ್ಯಾಹ್ನವೂ ರಾತ್ರಿಯೂ ಓಡಿಸುವ ಮನೆಯ ಲೆಕ್ಕವೇ ಬೇರೆ. ಅಲ್ಲಿ ಗಂಟೆಗಳೂ ಹೆಚ್ಚು, ಪ್ರತಿ ಗಂಟೆಯ ಬಿಸಿಯೂ ಲೇಬಲ್ ಊಹಿಸಿದ್ದಕ್ಕಿಂತ ಹೆಚ್ಚು. ಬಳಸಿದ ಎಸಿಯ ಲೇಬಲ್ ಹೇಳುವುದು ಅದು ಹೊಸದಾಗಿದ್ದಾಗಿನ ಮಾತು ಎಂಬುದನ್ನೂ ಮರೆಯಬಾರದು. ಧೂಳು ಕಟ್ಟಿದ ಕಾಯಿಲ್, ಸೋರಿ ಕಡಿಮೆಯಾದ ಗ್ಯಾಸು 4.60 ಅನ್ನು ಎಲ್ಲಿಗೆ ಇಳಿಸಿದೆ ಎಂದು ಯಾವ ಫೋಟೊವೂ ತೋರಿಸದು. ಗೆಳೆಯರು ಎಸಿ ಬಿಚ್ಚಿ ಸಾಗಿಸುವ, ಮತ್ತೆ ಗ್ಯಾಸು ತುಂಬುವ ಖರ್ಚನ್ನೂ ಸೇರಿಸಿ ನೋಡಿ, ಹೊಸ ಮೂರು ನಕ್ಷತ್ರದ ಎಸಿಯನ್ನೇ, 5,200 ವ್ಯಾಟಿನದನ್ನು ಹುಡುಕಿ ಕೊಂಡರು.

ಫ್ರಿಜ್‌ನ ದಾರಿ ಬೇರೆ

ಫ್ರಿಜ್‌ನ ಮಾದರಿ ಗುರುತಿಸುವುದು ಎಸಿಗಿಂತ ಸುಲಭ. ಬಾಗಿಲು ತೆಗೆದರೆ ಒಳಗೋಡೆಯ ಮೇಲೆ, ಹೆಚ್ಚಾಗಿ ತರಕಾರಿ ಡಬ್ಬಿಯ ಹತ್ತಿರ, ನೇಮ್‌ಪ್ಲೇಟ್ ಇರುತ್ತದೆ. ಕೆಲವದರಲ್ಲಿ ಹಿಂದುಗಡೆ ಕಂಪ್ರೆಸರ್ ಮೇಲೆ ಅಂಟಿಸಿರುತ್ತಾರೆ. ಆದರೆ ಎಸಿಯ ಪ್ಲೇಟಿನಂತೆ ಇದರ ವ್ಯಾಟ್ ಓದಿ ಖರ್ಚು ಅಳೆಯಲು ಹೋದರೆ ದಾರಿ ತಪ್ಪುತ್ತದೆ. ಫ್ರಾಸ್ಟ್-ಫ್ರೀ ಫ್ರಿಜ್‌ನಲ್ಲಿ ಮಂಜು ಕರಗಿಸುವ ಹೀಟರ್‌ನ ವ್ಯಾಟೂ ಅಲ್ಲಿರುತ್ತದೆ. ಅದು ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಉರಿಯುತ್ತದೆ. ಕಂಪ್ರೆಸರ್ ಎಷ್ಟು ಹೊತ್ತು ಓಡುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಪ್ಲೇಟ್ ಮೇಲೆ ಇರುವುದೇ ಇಲ್ಲ. ಆದ್ದರಿಂದ ಫ್ರಿಜ್‌ನಲ್ಲಿ ನಂಬಬೇಕಾದ್ದು ಸ್ಟಾರ್ ಲೇಬಲ್‌ನ ‘ವರ್ಷಕ್ಕೆ ಇಷ್ಟು ಯೂನಿಟ್’ ಎಂಬ ಸಂಖ್ಯೆಯನ್ನು.

ಎಸಿಗೆ 1,600 ಗಂಟೆ ಎಂಬ ಷರತ್ತಿದೆ. ಫ್ರಿಜ್‌ಗೆ ಅದಿಲ್ಲ, ಅದು ವರ್ಷದ ಎಲ್ಲ ದಿನವೂ ಪ್ಲಗ್‌ನಲ್ಲೇ ಇರುತ್ತದೆ ಎಂದೇ ಲೆಕ್ಕ. ಹಾಗಾಗಿ ಆ ಸಂಖ್ಯೆಯನ್ನು 365ರಿಂದ ಭಾಗಿಸಿದರೆ ದಿನದ ಖರ್ಚು ಸಿಗುತ್ತದೆ. ನಕ್ಷತ್ರ ಮಾತ್ರ ಇಲ್ಲಿ ಇನ್ನೊಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಫ್ರಿಜ್‌ನ ನಕ್ಷತ್ರವನ್ನು ಅದರ ಗಾತ್ರ ಮತ್ತು ಬಗೆಗೆ ತಕ್ಕಂತೆ ಕೊಡುತ್ತಾರೆ. ದೊಡ್ಡ ಫ್ರಿಜ್‌ಗೆ ಹೆಚ್ಚು ಖರ್ಚು ಮಾಡಲು ಅವಕಾಶವಿದೆ. ಫ್ರೀಜರ್‌ನ ಒಂದು ಲೀಟರಿಗೆ ಕೆಳಗಿನ ಭಾಗದ ಒಂದು ಲೀಟರಿಗಿಂತ ಹೆಚ್ಚು ಅವಕಾಶವಿದೆ. ಹೀಗಾಗಿ ಒಂದೇ ಬಾಗಿಲಿನ ಎರಡು ನಕ್ಷತ್ರದ ಚಿಕ್ಕ ಫ್ರಿಜ್ ಎರಡು ಬಾಗಿಲಿನ ಮೂರು ನಕ್ಷತ್ರದ ದೊಡ್ಡದಕ್ಕಿಂತ ಕಡಿಮೆ ಕರೆಂಟು ಬಳಸಬಹುದು. ನಾಲ್ಕು ಜನರ ಮನೆಗೆ ಎಷ್ಟು ಲೀಟರ್ ಬೇಕೆಂದು ಮೊದಲು ನಿರ್ಧರಿಸಿ, ಆ ಗಾತ್ರದೊಳಗೆ ಮಾತ್ರ ನಕ್ಷತ್ರ ಹೋಲಿಸಬೇಕು.

ಲೀಟರ್ ಲೆಕ್ಕವೂ 2023ರ ಜನವರಿಯಲ್ಲಿ ಬದಲಾಯಿತು. ಅದಕ್ಕೆ ಮುಂಚೆ ಒಳಗಿನ ಒಟ್ಟು ಜಾಗವನ್ನು ಹೇಳುತ್ತಿದ್ದರು, ಈಗ ಸಾಮಾನು ಇಡಲು ನಿಜವಾಗಿ ಸಿಗುವ ಜಾಗವನ್ನು ಹೇಳಬೇಕು. ಫ್ರಾಸ್ಟ್-ಫ್ರೀ ಫ್ರಿಜ್‌ಗಳಲ್ಲಿ ಫ್ರೀಜರ್‌ನದನ್ನೂ ಕೆಳಗಿನ ಭಾಗದ್ದನ್ನೂ ಬೇರೆ ಬೇರೆಯಾಗಿ ಹೇಳಬೇಕು. ಸ್ಯಾಮ್‌ಸಂಗ್‌ನ RT28 ಎಂದು ಆರಂಭವಾಗುವ ಫ್ರಿಜ್‌ಗಳ ಹಳೆಯ ಲೇಬಲ್ ಮೇಲೆ 253 ಲೀಟರ್ ಎಂದಿದ್ದರೆ ಹೊಸವುಗಳ ಮೇಲೆ 236 ಎಂದಿರುವುದು ಈ ಕಾರಣಕ್ಕೆ. ಹಳೆಯ ಫೋಟೊ ಹಿಡಿದು ‘ಅಷ್ಟೇ ದೊಡ್ಡದು ಕೊಡಿ’ ಎಂದು ಅಂಗಡಿಗೆ ಹೋದವರು 253ರ ಹತ್ತಿರದ್ದನ್ನು ಹುಡುಕಿದರೆ ತಮ್ಮ ಹಳೆಯದಕ್ಕಿಂತ ದೊಡ್ಡದನ್ನೇ ತರುತ್ತಾರೆ, ಅಡುಗೆಮನೆಯ ಮೂಲೆಯಲ್ಲಿ ಅದು ಹಿಡಿಸದೇ ಹೋಗಬಹುದು.

ಫ್ರಿಜ್ ವಿಷಯದಲ್ಲಿ ಲೇಬಲ್‌ನ ಅಂಕಿಯನ್ನು ಮನೆಯಲ್ಲೇ ಪರೀಕ್ಷಿಸುವ ಅನುಕೂಲವೂ ಇದೆ. ಪ್ಲಗ್‌ಗೂ ಸಾಕೆಟ್‌ಗೂ ನಡುವೆ ಹಾಕುವ ಸಣ್ಣ ಮೀಟರು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಹಾಕಿ ಪೂರ್ತಿ 24 ಗಂಟೆ ಬಿಡಬೇಕು. ಒಂದೆರಡು ಗಂಟೆಯ ಅಳತೆ ಕಂಪ್ರೆಸರ್ ಓಡಿದ ಹೊತ್ತಿನದೋ ನಿಂತ ಹೊತ್ತಿನದೋ ಆಗಿಬಿಡುತ್ತದೆ. ಲೇಬಲ್ ಮೇಲೆ ವರ್ಷಕ್ಕೆ 220 ಯೂನಿಟ್ ಎಂದಿದ್ದರೆ ದಿನಕ್ಕೆ 0.6 ಬರಬೇಕು. ಲೇಬಲ್‌ನ ಪರೀಕ್ಷೆಯಲ್ಲಿ ಬಾಗಿಲು ಮುಚ್ಚಿಯೇ ಇರುತ್ತದೆ, ನಮ್ಮ ಮನೆಗಳಲ್ಲಿ ಹಾಲಿಗೆ, ಮೊಸರಿಗೆ, ಹಿಟ್ಟಿಗೆ ಎಂದು ತೆಗೆದು ಮುಚ್ಚುವುದರಿಂದ 0.7, 0.8 ಬಂದರೂ ಗಾಬರಿಯಿಲ್ಲ. ಮೀಟರು 1.2 ತೋರಿಸಿದರೆ ಮೊದಲು ಬಾಗಿಲಿನ ರಬ್ಬರನ್ನು ನೋಡಬೇಕು. ಒಂದು ಕಾಗದದ ತುಂಡನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆದಾಗ ಅದು ಸಲೀಸಾಗಿ ಜಾರಿ ಬಂದರೆ ರಬ್ಬರು ಬಿಗಿ ಕಳೆದುಕೊಂಡಿದೆ. ನಾಲ್ಕೂ ಬದಿಯಲ್ಲಿ ಹೀಗೆ ಪರೀಕ್ಷಿಸಬೇಕು, ಕೀಲಿನ ಪಕ್ಕದ ಮೂಲೆಗಳಲ್ಲೇ ಹೆಚ್ಚಾಗಿ ಸಡಿಲವಾಗುತ್ತದೆ. ರಬ್ಬರು ಬದಲಿಸಿ ಮತ್ತೆ ಒಂದು ದಿನ ಮೀಟರು ಹಾಕಿದಾಗಲೂ ಸಂಖ್ಯೆ ಇಳಿಯದಿದ್ದರೆ ತೊಂದರೆ ಥರ್ಮೋಸ್ಟಾಟ್, ಗ್ಯಾಸು ಅಥವಾ ಕಂಪ್ರೆಸರ್‌ನಲ್ಲಿದೆ. ಆಗ ಮೆಕ್ಯಾನಿಕ್‌ಗೆ ಕರೆ ಮಾಡುವ ಮೊದಲು ಒಳಗೋಡೆಯ ಪ್ಲೇಟಿನ ಫೋಟೊ ಕಳಿಸಿ. ಅದರ ಮೇಲೆ ಆರ್-134ಎ ಇದೆಯೋ ಆರ್-600ಎ ಇದೆಯೋ ಎಂದು ನೋಡಿಕೊಂಡು ಆತ ಸರಿಯಾದ ಗ್ಯಾಸು, ಸರಿಯಾದ ಕಂಪ್ರೆಸರ್ ಹಿಡಿದೇ ಬರಬಹುದು.